ಅಭಿನಂದನೆ ಪತ್ರದ ಕೊನೆಯ ಸಾಲು

ದುರ್ಗದಬೈಲಿನ ಕಿರಾಣಿ ಅಂಗಡಿಯಲ್ಲಿ ಶೇಂಗಾ ಚಟ್ನಿಪುಡಿಯ ಬಾಕ್ಸೊಂದನ್ನು ಕೈಗೆತ್ತಿಕೊಂಡು ತಿರುವಿ ನೋಡಿದೆ. ಉಳಿದವರು ಬೆಲೆ ನೋಡುತ್ತಾರೆ. ಪ್ರೆಸ್ಸಿನವರು ಅಂಟು ಹಾಕಿದ ಮಗ್ಗುಲನ್ನು, ಮಡಿಕೆಯ ಗೆರೆಯನ್ನು, ಕೆಂಪು ಎಷ್ಟು ಕೆಂಪಾಗಿದೆ ಎಂಬುದನ್ನು ನೋಡುತ್ತೇವೆ. ಈ ಬಾಕ್ಸು ಬೇರೆ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಮೂರು ವರ್ಷದ ಹಿಂದಿನವರೆಗೆ ಇದೇ ಬಾಕ್ಸನ್ನು ನಾನು ಅಚ್ಚು ಹಾಕಿಕೊಡುತ್ತಿದ್ದೆ.

ಹಿಂಬದಿಯಲ್ಲಿ ಎಫ್‌ಎಸ್‌ಎಸ್‌ಎಐ ಗುರುತು, ಅದರ ಕೆಳಗೆ 14 ಅಂಕಿಯ ಸಂಖ್ಯೆ. ನನ್ನ ಕಾಲದಲ್ಲಿ ಅದು 2ರಿಂದ ಶುರುವಾಗುತ್ತಿತ್ತು. ಈಗ 1ರಿಂದ ಶುರುವಾಗಿದೆ. ಕೊಳ್ಳುವವರ ಕಣ್ಣಿಗೆ ಇದು ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ಆದರೆ ಆಹಾರ ಪದಾರ್ಥದ ಲೇಬಲ್ಲು ಅಚ್ಚು ಹಾಕುವವರಿಗೆ ಆ ಒಂದು ಅಂಕಿ ಒಂದು ಮನೆತನದ ಕಥೆಯನ್ನೇ ಹೇಳುತ್ತದೆ. ಅಡುಗೆಮನೆಯಲ್ಲಿ ಹುರಿದು ಕುಟ್ಟಿ ಮಾರುವ ಸಣ್ಣ ಉದ್ದಿಮೆಗೆ ಸಿಗುವುದು ನೋಂದಣಿ, ಅದರ ಸಂಖ್ಯೆ 2ರಿಂದ ಮೊದಲಾಗುತ್ತದೆ. ವಹಿವಾಟು ಬೆಳೆದು ಮಿತಿ ದಾಟಿದ ಮೇಲೆ ಲೈಸೆನ್ಸ್ ಪಡೆಯಬೇಕು, ಅದರ ಸಂಖ್ಯೆ 1ರಿಂದ. ಅಂದರೆ ಈ ಚಟ್ನಿಪುಡಿ ಮಾಡುವ ಅಕ್ಕಾರು ಆ ಹೊಸ್ತಿಲು ದಾಟಿದ್ದರು. ಅದೇ ವಾರ ಕಾಗದದ ವ್ಯಾಪಾರಿಯೊಬ್ಬರು ಇನ್ನೊಂದು ಸುದ್ದಿ ಹೇಳಿದರು: "ತಾರಿಹಾಳದಾಗ ಶೆಡ್ ತಗೊಂಡಾರ್ರೀ. ಶ್ರಾವಣ ಶುಕ್ರವಾರ ಪೂಜಿ ಮಾಡಿ ಎರಡನೇ ಘಟಕ ಶುರು ಮಾಡ್ಯಾರ."

ನನಗೆ ನಿಜವಾಗಿ ಸಂತೋಷವಾಯಿತು. ಪತ್ರ ಬರೆಯಬೇಕೆನಿಸಿತು. ಆ ಸಂತೋಷದ ಹಿಂದೆಯೇ ಇನ್ನೊಂದು ಯೋಚನೆ ಬಂದದ್ದೂ ನಿಜ: ಈ ಗಿರಾಕಿ ನಮ್ಮಲ್ಲಿಗೆ ಮತ್ತೆ ಬಂದರೆ ಎಷ್ಟು ಚಲೋ. ಎರಡೂ ಒಟ್ಟಿಗೆ ಇದ್ದವು. ಒಂದು ಪತ್ರದಲ್ಲಿ ಎರಡನ್ನೂ ಹೇಗೆ ಇಡುವುದು, ಇಡಬಹುದೇ ಇಲ್ಲವೇ ಎಂಬುದು ಈ ವಾರದ ಬರಹದ ವಿಷಯ. ಸಣ್ಣ ವ್ಯಾಪಾರ ಮಾಡುವ ಎಷ್ಟೋ ಜನ ಈ ಅಂಕಣ ಓದುತ್ತಾರೆ. ಅವರಿಗೂ ಇಂಥ ದಿನ ಬಂದೇ ಬಂದಿರುತ್ತದೆ.

ಅಕ್ಕಾರು ನಮ್ಮನ್ನು ಯಾಕೆ ಬಿಟ್ಟು ಹೋದರು ಎಂಬುದನ್ನು ಮೊದಲು ಹೇಳಬೇಕು. ಅದನ್ನು ಮರೆತು ಬರೆದ ಪತ್ರ ಎಷ್ಟೇ ಸಿಹಿಯಾಗಿದ್ದರೂ ನಿಲ್ಲುವುದಿಲ್ಲ.

ಅದು ದೀಪಾವಳಿಯ ಆರ್ಡರ್. 250 ಗ್ರಾಮಿನ ಬಾಕ್ಸು, 10,000. ಮೊದಲ 5,000 ಸರಿಯಾಗಿ ಹೋದವು. ಎರಡನೇ ಕಂತಿಗೆ ಅದೇ ಗಿರಣಿಯ ರಟ್ಟು ಸಿಗಲಿಲ್ಲ. ಅಷ್ಟೇ ದಪ್ಪದ, ಇನ್ನೊಂದು ಗಿರಣಿಯ ರಟ್ಟು ತಂದೆ. ತೂಕ ಒಂದೇ ಇದ್ದರೂ ರಟ್ಟಿನ ಬಿಳುಪು ಒಂದೇ ಇರುವುದಿಲ್ಲ, ಅದು ಮಸಿ ಹೀರುವ ಬಗೆಯೂ ಒಂದೇ ಇರುವುದಿಲ್ಲ. ಅದೇ ಪ್ಲೇಟು, ಅದೇ ಮಸಿ, ಆದರೆ ಮೆಣಸಿನಕಾಯಿಯ ಕೆಂಪು ಹೋಗಿ ಇಟ್ಟಂಗಿಯ ಕೆಂಪು ಬಂತು. ಯಂತ್ರದ ಪಕ್ಕ ಇಟ್ಟುಕೊಂಡು ಹೋಲಿಸಲು ಒಪ್ಪಿಗೆಯಾದ ಮಾದರಿ ಹಾಳೆ ಇರಲಿಲ್ಲ. ಹುಡುಗರು ಫೋನಿನಲ್ಲಿದ್ದ ಫೋಟೊ ನೋಡಿ ಬಣ್ಣ ಕೂಡಿಸಿದ್ದರು. ಇದರ ಮೇಲೆ ಮಾಲು ಆರು ದಿನ ತಡವಾಯಿತು. ಅಂಗಡಿಯ ಹಲಗೆಯ ಮೇಲೆ ಎರಡು ಕೆಂಪಿನ ಬಾಕ್ಸುಗಳು ಅಕ್ಕಪಕ್ಕ ನಿಂತರೆ ಕೊಳ್ಳುವವರು ಒಂದು ಹಳೆಯದೋ ನಕಲಿಯೋ ಎಂದುಕೊಳ್ಳುತ್ತಾರೆ. ಪುಡಿಯಲ್ಲಿ ಯಾವ ದೋಷವೂ ಇಲ್ಲದೆ ಅವರ ಮಾಲಿನ ಮೇಲೆ ಅನುಮಾನ ಬಂತು.

ಅಕ್ಕಾರು ಜಗಳವಾಡಲಿಲ್ಲ. "ಆತು ಬಿಡ್ರಿ" ಅಂದರು. ಪೂರ್ತಿ ಬಿಲ್ಲು ಕೊಟ್ಟರು. ಆಮೇಲೆ ಫೋನು ಬರಲಿಲ್ಲ. ಹೀಗೆ ಸುಮ್ಮನೆ ಹೋದ ಗಿರಾಕಿಯ ಹತ್ತಿರ ಮತ್ತೆ ಮಾತು ತೆಗೆಯುವುದು, ಜಗಳವಾಡಿ ಹೋದವರ ಹತ್ತಿರ ತೆಗೆಯುವುದಕ್ಕಿಂತ ಕಷ್ಟ. ಜಗಳದಲ್ಲಾದರೆ ಎರಡೂ ಕಡೆಯ ಮಾತು ಹೊರಗೆ ಬಂದಿರುತ್ತದೆ. ಇಲ್ಲಿ ಅವರ ಮಾತು ಅವರಲ್ಲೇ ಉಳಿದಿತ್ತು.

ಮೊದಲ ಕರಡು ಅರ್ಧ ಗಂಟೆಯಲ್ಲಿ ಬರೆದೆ. ಪ್ರೆಸ್ಸಿನವನಿಗೆ ಅಭಿನಂದನೆಯ ಭಾಷೆ ಬಾಯಿಪಾಠ. ದಿನಾ ಅದನ್ನೇ ಅಚ್ಚು ಹಾಕುತ್ತೇವಲ್ಲ. "ತಮ್ಮ ಸಂಸ್ಥೆಯು ಯಶಸ್ಸಿನ ಹೊಸ ಶಿಖರವನ್ನೇರಿರುವ ಈ ಶುಭ ಸಂದರ್ಭದಲ್ಲಿ ಹೃತ್ಪೂರ್ವಕ ಅಭಿನಂದನೆಗಳು" ಎಂದು ಶುರು. ಅದರ ಹಿಂದೆ ನಮ್ಮಲ್ಲಿ ಹೊಸದಾಗಿ ಬಂದ ಯಂತ್ರ, ಹೊಸ ಪಂಚಿಂಗ್ ವ್ಯವಸ್ಥೆ, ಸಮಯಕ್ಕೆ ಸರಿಯಾಗಿ ಮಾಲು ತಲುಪಿಸುವ ಭರವಸೆ, ಹಳೆಯ ಗಿರಾಕಿಗಳಿಗೆ ಶೇಕಡ 10 ರಿಯಾಯಿತಿ. ಕೊನೆಗೆ "ತಮ್ಮ ಅಮೂಲ್ಯ ಆರ್ಡರಿನ ನಿರೀಕ್ಷೆಯಲ್ಲಿ". ನೋಡಲು ಚೆನ್ನಾಗಿಯೇ ಇತ್ತು.

ನಮ್ಮಲ್ಲಿ ಅಚ್ಚುಮೊಳೆ ಜೋಡಿಸುವ ಕಾಲದಿಂದ ಇದ್ದ ಕಾಕಾ ಒಬ್ಬರಿದ್ದಾರೆ. ಈಗ ಕರಡು ತಿದ್ದುವುದಷ್ಟೇ ಅವರ ಕೆಲಸ. ಹಾಳೆ ಅವರ ಕೈಗೆ ಕೊಟ್ಟೆ. ಪೆನ್ಸಿಲ್ ತೆಗೆದುಕೊಂಡು ಸಾಲು ಎಣಿಸಿದರು. ಒಟ್ಟು ಹನ್ನೊಂದು. ಮೂರರ ಪಕ್ಕ ಗೀಟು ಹಾಕಿದರು.

"ಇಷ್ಟರಾಗ ಅಕ್ಕಾರ ಅದಾರ. ಉಳಿದ ಎಂಟರಾಗ ನಾವ ಅದೀವಿ," ಅಂದರು. ಸ್ವಲ್ಪ ತಡೆದು, "ಈ ಮೂರೂ ಸಾಲಿನ್ಯಾಗ ಅವರ ಹೆಸರು ತಗದು ಸಿಮೆಂಟ್ ಅಂಗಡಿಯವರ ಹೆಸರು ಹಾಕಿದ್ರೂ ನಡೀತದ ನೋಡ್ರಿ," ಅಂದರು.

ಆ ಮಾತು ನಾಟಿತು. ಅಭಿನಂದನೆ ಪತ್ರ ಸರಿಯಿದೆಯೇ ಎಂದು ನೋಡುವುದಕ್ಕೆ ಇದಕ್ಕಿಂತ ನೇರವಾದ ಅಳತೆ ನನಗೆ ಇನ್ನೂ ಸಿಕ್ಕಿಲ್ಲ. ಹೆಸರು ಬದಲಿಸಿದರೂ ಪತ್ರ ನಡೆಯುತ್ತದೆ ಎಂದಾದರೆ ಅದು ಯಾರಿಗೂ ಬರೆದ ಪತ್ರವಲ್ಲ. ರಿಯಾಯಿತಿಯ ಸಾಲಂತೂ ಮೊದಲ ಮೂರನ್ನೂ ಕೆಡಿಸಿತ್ತು. ಅದನ್ನು ಓದಿದ ಮೇಲೆ ಅಕ್ಕಾರು ಹಿಂದಕ್ಕೆ ಹೋಗಿ ಶಿಖರದ ಮಾತನ್ನು ಮತ್ತೆ ಓದುತ್ತಾರೆ, ಇದಕ್ಕಾಗಿಯೇ ಅದನ್ನು ಬರೆದದ್ದು ಎಂದು ತಿಳಿಯುತ್ತದೆ. ಮೇಲಾಗಿ ಅವರು ನಮ್ಮನ್ನು ಬಿಟ್ಟದ್ದು ದರಕ್ಕಲ್ಲ, ಬಣ್ಣಕ್ಕೆ ಮತ್ತು ತಡಕ್ಕೆ. ದರದ ಮಾತು ತೆಗೆದರೆ ಅವರು ಬಿಟ್ಟು ಹೋದ ಕಾರಣ ನಮಗೆ ಇನ್ನೂ ತಿಳಿದಿಲ್ಲ ಎಂದೇ ಅರ್ಥ.

ಎರಡನೇ ಕರಡಿಗೆ ಕೂರುವ ಮೊದಲು ಎರಡು ಕೆಲಸ ಮಾಡಿದೆ.

ಒಂದು, ಖಾತೆ ತೆಗೆದು ಬಾಕಿ ನೋಡಿದೆ. ಅವರಿಂದ ಬರಬೇಕಾದದ್ದು ಏನೂ ಇರಲಿಲ್ಲ. ಇದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಬಾಕಿ ಉಳಿದಿರುವಾಗ ಅಭಿನಂದನೆ ಬಂದರೆ ಓದುವವರಿಗೆ ಅದು ವಸೂಲಿಯ ಪೀಠಿಕೆಯಾಗಿಯೇ ಕಾಣುತ್ತದೆ. ವಸೂಲಿಗೆ ಬೇರೆ ಕಾಗದ ಇದೆ, ಬೇರೆ ಕಾಯಿದೆಯೂ ಇದೆ. ನೋಂದಾಯಿತ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯಿದೆ ಹೇಳುತ್ತದೆ. ಆ ಮಾತನ್ನು ಆ ಜಾಗದಲ್ಲೇ ಆಡಬೇಕು.

ಇನ್ನೊಂದು, ಕೇಳಿದ ಸುದ್ದಿಯನ್ನು ಖಾತ್ರಿ ಮಾಡಿಕೊಂಡೆ. ಹೊಸ ಘಟಕದಲ್ಲಿ 40 ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ ಎಂದು ಕಾಗದದ ವ್ಯಾಪಾರಿ ಹೇಳಿದ್ದರು. ಅಕ್ಕಾರಿಗೆ ಮೆಣಸಿನಕಾಯಿ ಕೊಡುವವರನ್ನು ವಿಚಾರಿಸಿದರೆ 22 ಎಂದು ಗೊತ್ತಾಯಿತು. ಹೆಚ್ಚು ಹೇಳಿದರೆ ಖುಷಿಯಾಗುತ್ತಾರೆ ಎಂದುಕೊಳ್ಳುವುದು ತಪ್ಪು. ಪ್ರತಿ ತಿಂಗಳು 22 ಜನರ ಪಗಾರ ಹೊಂದಿಸುವವರಿಗೆ 40 ಎಂಬ ಮಾತು ಕೇಳಿದರೆ, ಇವರಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ ಎಂದಷ್ಟೇ ತಿಳಿಯುತ್ತದೆ.

ಆಮೇಲೆ ಬರೆದದ್ದು ಇದು. ಅಕ್ಕಾರ ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇನೆ.

"ಅಕ್ಕಾರಿಗೆ ನಮಸ್ಕಾರ. ಹೋದ ವಾರ ದುರ್ಗದಬೈಲಿನಲ್ಲಿ ನಿಮ್ಮ ಶೇಂಗಾ ಚಟ್ನಿಪುಡಿ ಕೊಂಡೆ. ಬಾಕ್ಸಿನ ಹಿಂದೆ ಸಂಖ್ಯೆ 1ರಿಂದ ಶುರುವಾಗಿರುವುದು ಕಂಡು ಅಂಗಡಿಯಲ್ಲೇ ನಿಂತು ಸಂತೋಷಪಟ್ಟೆ. ಮೊದಲ ಸಲ ನಮ್ಮ ಪ್ರೆಸ್ಸಿಗೆ ಬಂದಾಗ ನೀವು ಕೇಳಿದ್ದು 500 ಸ್ಟಿಕ್ಕರು. ಎರಡು ಒಲೆ, ಒಂದು ಮಿಕ್ಸರ್ ಮೇಲೆ ನಡೆದಿದೆ ಎಂದಿದ್ದಿರಿ. ಈಗ ತಾರಿಹಾಳದಲ್ಲಿ ಎರಡನೇ ಘಟಕ ತೆರೆದಿದ್ದೀರಿ, 22 ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿದೆ ಎಂದು ಕೇಳಿದೆ. ಇಷ್ಟು ಬೆಳೆದರೂ ಶೇಂಗಾ ಹುರಿದ ಹದ ಮೊದಲಿನಂತೆಯೇ ಇದೆ. ಮನೆಯಲ್ಲಿ ಎಲ್ಲರೂ ಉಂಡು ಅದನ್ನೇ ಅಂದರು. ನಿಮಗೂ ನಿಮ್ಮ ಜೊತೆ ದುಡಿಯುವ ಎಲ್ಲರಿಗೂ ನಮ್ಮ ಮನೆಯವರ ಅಭಿನಂದನೆ. ಹೊಸ ಘಟಕ ನೋಡುವ ಆಸೆಯಿದೆ. ನಿಮಗೆ ಅನುಕೂಲವಾದ ದಿನ ಹೇಳಿದರೆ ಬಂದು ಅರ್ಧ ಗಂಟೆ ಇದ್ದು ಹೋಗುತ್ತೇನೆ."

ಇಡೀ ಪತ್ರಕ್ಕೆ ಹಿಡಿದಷ್ಟೇ ಹೊತ್ತು ಈ ಕೊನೆಯ ಮಾತಿಗೂ ಹಿಡಿಯಿತು. ಮೊದಲು ಬರೆದದ್ದು "ಮತ್ತೊಮ್ಮೆ ನಿಮ್ಮ ಸೇವೆ ಮಾಡುವ ಅವಕಾಶ ಕೊಡಬೇಕು" ಎಂದು. ಅದು ಬೇಡಿಕೆ. ಓದಿದ ಕೂಡಲೇ ಅಕ್ಕಾರು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗುತ್ತದೆ. ಈಗ ಅವರಿಗೆ ಅಚ್ಚು ಹಾಕಿಕೊಡುತ್ತಿರುವ ಪ್ರೆಸ್ಸು ಒಂದಿದೆ. ಅವರು ಸರಿಯಾಗಿಯೇ ಕೆಲಸ ಮಾಡುತ್ತಿದ್ದಾರೆ. ಇಲ್ಲವೆನ್ನುವುದೇ ಅಕ್ಕಾರಿಗೆ ಸುಲಭ, ಮತ್ತು ಒಮ್ಮೆ ಇಲ್ಲವೆಂದ ಮೇಲೆ ಹೌದೆನ್ನುವುದು ಯಾರಿಗಾದರೂ ಕಷ್ಟ.

ಅದನ್ನು ಹೊಡೆದುಹಾಕಿ "ಮುಂದೆಂದಾದರೂ ನಮ್ಮ ಅಗತ್ಯ ಬಿದ್ದರೆ ನೆನಪಿಸಿಕೊಳ್ಳಿ" ಎಂದು ಬರೆದೆ. ಇದರಲ್ಲಿ ಮರ್ಯಾದೆಯಿದೆ, ಜೀವವಿಲ್ಲ. ಇದಕ್ಕೆ ಉತ್ತರವೇ ಬೇಕಾಗುವುದಿಲ್ಲ. ಓದಿ "ಹೂಂ" ಎಂದು ಮಡಚಿಡಬಹುದು.

ಹಾಗಾದರೆ ನನಗೆ ನಿಜವಾಗಿ ಏನು ಬೇಕು ಎಂದು ಕೇಳಿಕೊಂಡೆ. ಆರ್ಡರ್ ನಾಳೆಯೇ ಬರುವುದಿಲ್ಲ ಎಂದು ಗೊತ್ತಿತ್ತು. ಬೇಕಾದದ್ದು ಅವರೆದುರು ಕುಳಿತು ಮಾತಾಡುವ ಅರ್ಧ ಗಂಟೆ. ಅದನ್ನೇ ಕೇಳಿದೆ. ಕೇಳಿದ್ದು ಸಣ್ಣದು, ದಿನ ಅವರು ಹೇಳಬೇಕಾದದ್ದು, ಬೇಡವಾದರೆ "ಈಗ ಗಡಿಬಿಡಿ ಐತ್ರಿ" ಎಂದು ಯಾರ ಮನಸ್ಸೂ ನೋಯದಂತೆ ಮುಂದೂಡಬಹುದಾದದ್ದು. ಘಟಕ ನೋಡುವ ಆಸೆ ನೆಪವೂ ಆಗಿರಲಿಲ್ಲ. 500 ಸ್ಟಿಕ್ಕರಿನ ದಿನದಿಂದ ನೋಡಿದವನಿಗೆ ಆ ಶೆಡ್ಡಿನೊಳಗೆ ನಿಲ್ಲುವ ಆಸೆ ಇರದೆ ಇರುತ್ತದೆಯೇ? ಇನ್ನು ನಾನು ವ್ಯಾಪಾರಸ್ಥನೆಂಬುದನ್ನು ಮುಚ್ಚಿಡಲೂ ಇಲ್ಲ. ಪತ್ರ ಪ್ರೆಸ್ಸಿನ ಲೆಟರ್‌ಹೆಡ್ ಮೇಲೆಯೇ ಇತ್ತು.

ಹಳೆಯ ತಪ್ಪಿನ ಕ್ಷಮೆಯನ್ನು ಯಾಕೆ ಪತ್ರದಲ್ಲಿ ಕೇಳಲಿಲ್ಲ ಎಂದು ಕಾಕಾ ಕೇಳಿದರು. ನನ್ನ ಯೋಚನೆ ಹೀಗಿತ್ತು. ಘಟಕ ತೆರೆದ ವಾರದಲ್ಲಿ ಅವರ ಮನೆಗೆ ಹೋಗುವ ಕಾಗದದಲ್ಲಿ ಇಟ್ಟಂಗಿ ಬಣ್ಣದ 5,000 ಬಾಕ್ಸುಗಳ ನೆನಪು ಇರಬಾರದು. ಅದು ಅವರ ಹಬ್ಬ. ಅಲ್ಲಿ ನಮ್ಮ ಪಂಚಾಯಿತಿ ಬಿಚ್ಚಿದರೆ ಅವರು ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕ್ಷಮೆ ಕೇಳಲೇಬೇಕು, ಎದುರಿಗೆ ಕೇಳಬೇಕು. ಅರ್ಧ ಗಂಟೆ ಕೇಳಿದ್ದು ಅದಕ್ಕೂ ಹೌದು. ಇದನ್ನು ಒಪ್ಪದವರೂ ಇದ್ದಾರೆ. ಗಿರಾಕಿ ಜಗಳವಾಡಿ ಹೋಗಿದ್ದರೆ ನಾನೂ ಮೊದಲ ಸಾಲಲ್ಲೇ ಕ್ಷಮೆ ಕೇಳುತ್ತಿದ್ದೆನೇನೊ.

ಪತ್ರವನ್ನು ಪೂಜೆಯ ದಿನ ಕಳಿಸಲಿಲ್ಲ. ಆ ದಿನ ಅವರ ಫೋನಿನಲ್ಲಿ ಹೂಗುಚ್ಛದ ಚಿತ್ರಗಳ ರಾಶಿ ಬಿದ್ದಿರುತ್ತದೆ, ಯಾರು ಕಳಿಸಿದರು ಎಂದು ನೋಡುವ ಪುರುಸೊತ್ತೂ ಇರುವುದಿಲ್ಲ. ಐದು ದಿನ ಬಿಟ್ಟು, ಬುಧವಾರ, ಹುಡುಗನ ಕೈಯಲ್ಲಿ ಲಕೋಟೆ ಕೊಟ್ಟು ಕಳಿಸಿದೆ. ಗದ್ದಲ ಅಡಗಿ, ಹೊಸ ಘಟಕದ ಮೊದಲ ತೊಂದರೆಗಳು ತಲೆಯೆತ್ತುವ ಹೊತ್ತು ಅದು. ಬಹಳ ತಡವೂ ಮಾಡಬಾರದು. ಒಂದು ತಿಂಗಳ ಮೇಲೆ ಬರೆದರೆ ಬೇರೆ ಯಾವುದೋ ಕೆಲಸ ಕೇಳಲು ಹಳೆಯ ಸುದ್ದಿಯನ್ನು ಹುಡುಕಿ ತೆಗೆದಂತೆ ಕಾಣುತ್ತದೆ.

ಎಂಟು ದಿನ ಉತ್ತರವಿಲ್ಲ. ಒಂಬತ್ತನೆಯ ದಿನ ಫೋನು ಮಾಡಿಬಿಡೋಣ ಎಂದು ಕೈ ಹೋಗಿತ್ತು, ಮಾಡಲಿಲ್ಲ. "ನನ್ನ ಪತ್ರ ಮುಟ್ಟಿತೇ" ಎಂದು ಕೇಳುವ ಫೋನು ಅಭಿನಂದನೆಗೆ ರಸೀದಿ ಕೇಳಿದಂತೆ. ಉತ್ತರ ಬರದೇ ಹೋದರೆ ಏನು ಮಾಡುವುದೆಂದು ಆಗಲೇ ಗಟ್ಟಿ ಮಾಡಿಕೊಂಡಿದ್ದೆ. ದಸರೆಗೆ ಬನ್ನಿ ಕೊಡಲು ಹೋಗುವುದು. ನಮ್ಮ ಕಡೆ ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎನ್ನಲು ಯಾರೂ ಯಾರ ಮನೆಗೂ ಹೋಗಬಹುದು, ಮಾತು ಬಿಟ್ಟವರು ಮಾತಾಡುವ ದಿನವೇ ಅದು. ಅಲ್ಲಿಯೂ ಮಾತು ಮುಂದುವರಿಯದಿದ್ದರೆ ಆಮೇಲೆ ಸುಮ್ಮನಿರುವುದು. ಮೂರನೆಯ ಸಲ ಬಾಗಿಲು ತಟ್ಟಬಾರದು.

ಹತ್ತನೆಯ ದಿನ ಅವರೇ ಫೋನು ಮಾಡಿದರು.

"ಅಣ್ಣಾರ, ಪತ್ರ ಬಂತ್ರಿ. ನಂಬರಿನ ಸುದ್ದಿ ನೀವೊಬ್ಬರ ಬರದೀರಿ ನೋಡ್ರಿ. ನಮ್ಮ ಮನ್ಯಾವರಿಗೂ ಅದು ಗೊತ್ತಿರಲಿಲ್ಲ."

"ಅದನ್ನ ಅಚ್ಚ ಹಾಕಿದ ಕೈಯಲ್ರೀ ಅಕ್ಕಾರ, ಕಣ್ಣಿಗೆ ಬಿತ್ತು."

"ಶನಿವಾರ ಬರ್ರಿ. ಒಂದ್ ಮಾತು ಕೇಳೋದೂ ಐತಿ."

ಉತ್ತರ ಬಂದಾಗ ಅದರಲ್ಲಿ ಏನಿದೆ ಎಂದು ನೋಡಬೇಕು. "ಧನ್ಯವಾದ" ಎಂದಷ್ಟೇ ಬಂದರೆ ಬಾಗಿಲು ಮುಚ್ಚಿಲ್ಲ, ತೆರೆದೂ ಇಲ್ಲ. ಅಲ್ಲಿ ಮಾತು ಬೆಳೆಸಲು ಹೋಗಬಾರದು. ತಾವಾಗಿ ಒಂದು ಪ್ರಶ್ನೆ ಕೇಳಿದರೆ, ತಮ್ಮ ಕೆಲಸದ ಒಂದು ತೊಡಕು ಹೇಳಿಕೊಂಡರೆ, ಮಾತು ಮತ್ತೆ ಶುರುವಾಗಿದೆ ಎಂದೇ ತಿಳಿಯಬಹುದು.

ಶನಿವಾರ ಹೋದೆ. ದರಪಟ್ಟಿ, ಮಾದರಿ ಪುಸ್ತಕ ಯಾವುದನ್ನೂ ಒಯ್ಯಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಹುರಿದ ಅಗಸಿಯ ವಾಸನೆ. ದೊಡ್ಡ ಹುರಿಯುವ ಯಂತ್ರ, ಪಕ್ಕದಲ್ಲಿ ಕುಟ್ಟುವ ಯಂತ್ರ, ಅದರಾಚೆ ಬಿಳಿ ಟೊಪ್ಪಿಗೆ ಹಾಕಿಕೊಂಡ ಹೆಣ್ಣುಮಕ್ಕಳು ತೂಕ ಮಾಡುತ್ತಿದ್ದರು. ಯಂತ್ರಕ್ಕೆ ಕಿರು ಆಹಾರ ಉದ್ದಿಮೆಯ ಪಿಎಂಎಫ್‌ಎಂಇ ಯೋಜನೆಯ ಸಾಲ ಸಿಕ್ಕಿದೆ ಎಂದರು. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಸಹಾಯಧನ ಬರುತ್ತದೆ. ಕಾಗದ ಪತ್ರಕ್ಕೆ ಎಷ್ಟು ಸಲ ಓಡಾಡಿದರು ಎಂದು ಕೇಳಿದೆ. ಇಪ್ಪತ್ತು ನಿಮಿಷ ಹೇಳಿದರು. ಕೇಳುವವರು ಇದ್ದರೆ ಹೇಳುವುದು ಅವರಲ್ಲಿ ಇನ್ನೂ ಬಹಳ ಇತ್ತು.

ಚಹಾ ಬಂದಾಗ ನಾನು ಹಳೆಯ ಮಾತು ತೆಗೆದೆ. "ಆ ದೀಪಾವಳಿ ಮಾಲಿನ ಬಣ್ಣ ಕೆಟ್ಟದ್ದು ನಮ್ಮ ತಪ್ಪರೀ ಅಕ್ಕಾರ. ರಟ್ಟು ಬದಲ್ ಮಾಡಿದ್ದು ನಿಮಗ ಹೇಳಲಿಲ್ಲ. ಮಾದರಿ ಹಾಳಿ ಇಟ್ಟಿರಲಿಲ್ಲ. ತಡ ಆಗಿದ್ದೂ ನಮ್ಮಿಂದ." ಅಷ್ಟೇ. ಆಗ ಗಿರಣಿಯವರು ಹೀಗೆ ಮಾಡಿದರು, ಹುಡುಗ ರಜೆ ಹಾಕಿದ ಎಂಬ ಕಾರಣಗಳನ್ನು ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂರು ಅಂಗಡಿಯವರು ಮಾಲ್ ವಾಪಸ್ ಕಳಿಸಿದ್ರು ಆವಾಗ," ಅಂದರು. ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷ ಅವರಲ್ಲೇ ಉಳಿದಿದ್ದ ಮಾತು ಅದು.

ಆಮೇಲೆ ಅವರ ಪ್ರಶ್ನೆ ಬಂತು. ಹಳೆಯ ಘಟಕದ ವಿಳಾಸ ಮತ್ತು ಸಂಖ್ಯೆ ಇರುವ ಬಾಕ್ಸುಗಳು ಇನ್ನೂ 4,000 ಉಳಿದಿವೆ. ಆಹಾರ ತಯಾರಿಸುವ ಪ್ರತಿ ಜಾಗಕ್ಕೂ ಬೇರೆ ಲೈಸೆನ್ಸ್ ಬೇಕು, ಹಾಗಾಗಿ ತಾರಿಹಾಳದ ಘಟಕಕ್ಕೆ ಬೇರೆ ಸಂಖ್ಯೆ ಬಂದಿದೆ. ಹಳೆಯ ಬಾಕ್ಸನ್ನೆಲ್ಲ ರದ್ದಿಗೆ ಹಾಕಿ ಹೊಸದು ಅಚ್ಚು ಹಾಕಿಸಬೇಕೇ?

ಹೌದು ಎಂದಿದ್ದರೆ ಅಲ್ಲಿಯೇ ಒಂದು ದೊಡ್ಡ ಆರ್ಡರಿನ ಮಾತು ಬರುತ್ತಿತ್ತು. ಆದರೆ ಅದು ಸರಿಯಾದ ಉತ್ತರವಲ್ಲ. ಹಳೆಯ ಘಟಕ ಇನ್ನೂ ನಡೆಯುತ್ತಿದೆ. ಅಲ್ಲಿ ತಯಾರಾದ ಪುಡಿಯನ್ನು ಅಲ್ಲಿನ ಸಂಖ್ಯೆಯ ಬಾಕ್ಸಿನಲ್ಲೇ ತುಂಬಬಹುದು. 250 ಗ್ರಾಮಿನ ಶೇಂಗಾ ಪುಡಿಯನ್ನು ಬಾಕ್ಸು ಮುಗಿಯುವವರೆಗೆ ಹಳೆಯ ಘಟಕದಲ್ಲೇ ಮಾಡಿ, ಹೊಸ ಪುಡಿಗಳನ್ನು ಇಲ್ಲಿ ಶುರು ಮಾಡಿ, ಬಾಕ್ಸುಗಳ ರಾಶಿ ಒಂದಕ್ಕೊಂದು ಬೆರೆಯದಂತೆ ಎರಡು ಕಡೆ ಇಡಿ ಎಂದೆ. ಹೊಸ ಘಟಕಕ್ಕೂ ಮೊದಲೇ 10,000 ಅಚ್ಚು ಹಾಕಿಸಬೇಡಿ. ಮೊದಲ ಆರು ತಿಂಗಳಲ್ಲಿ ತೂಕ, ಬೆಲೆ, ಚಿತ್ರ ಎಲ್ಲ ಒಮ್ಮೆಯಾದರೂ ಬದಲಾಗುತ್ತದೆ ಎಂದೂ ಹೇಳಿದೆ.

ಮೇಜಿನ ಮೇಲೆ ಅಗಸಿ ಪುಡಿಯ 100 ಗ್ರಾಮಿನ ಬಾಕ್ಸಿನ ವಿನ್ಯಾಸ ಇತ್ತು. ಬೆಲೆ ₹55. ಅದರ ಕೆಳಗೆ ಪ್ರತಿ ಗ್ರಾಮಿಗೆ ₹0.48 ಎಂದಿತ್ತು. ಒಂದು ಕಿಲೊಗಿಂತ ಕಡಿಮೆ ತೂಕದ ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆ ಗ್ರಾಮಿನ ಬೆಲೆಯನ್ನೂ ಹಾಕಬೇಕೆಂದು ಅಳತೆ ಮತ್ತು ತೂಕದ ನಿಯಮವಿದೆ. ಲೆಕ್ಕ ಮಾಡಿದರೆ 55ನ್ನು 100ರಿಂದ ಭಾಗಿಸಿ ₹0.55 ಆಗಬೇಕು. ₹0.48 ಎಂಬುದು ₹120ರ, 250 ಗ್ರಾಮಿನ ಶೇಂಗಾ ಬಾಕ್ಸಿನ ಅಂಕಿ. ಹಳೆಯ ವಿನ್ಯಾಸವನ್ನೇ ತಿದ್ದುವಾಗ ಅಲ್ಲೇ ಉಳಿದುಬಿಟ್ಟಿದೆ. ಈ ತಪ್ಪು ಎಲ್ಲ ಪ್ರೆಸ್ಸಿನಲ್ಲೂ ಆಗುತ್ತದೆ, ನಮ್ಮಲ್ಲೂ ಆಗಿದೆ. ಯಾರು ಮಾಡಿದರು ಎಂಬ ಮಾತು ಎತ್ತದೆ ಬೆರಳಿಟ್ಟು ತೋರಿಸಿದೆ, "ಅಚ್ಚಿಗೆ ಹೋಗೂದ್ರಾಗ ತಿದ್ದಸ್ರಿ" ಎಂದೆ. ಅವರ ಈಗಿನ ಪ್ರೆಸ್ಸಿಗೆ ಅಲ್ಲಿಂದಲೇ ಫೋನು ಹೋಯಿತು. ನಾನು ಎದ್ದು ಬಂದೆ. ನಮ್ಮ ಪ್ರೆಸ್ಸಿನ ಮಾತು ಆ ದಿನ ಬರಲೇ ಇಲ್ಲ.

ಪ್ರೆಸ್ಸಿಗೆ ಬಂದ ಮೇಲೆ ಎರಡು ಸಾಲಿನ ಕಾಗದ ಕಳಿಸಿದೆ. ಘಟಕ ತೋರಿಸಿದ್ದಕ್ಕೆ ಧನ್ಯವಾದ. ಹೊಸ ಪುಡಿಗಳಲ್ಲಿ ಯಾವುದಕ್ಕಾದರೂ ಸಣ್ಣ ಪ್ರಮಾಣದಲ್ಲಿ ಬಾಕ್ಸು ಬೇಕಾದರೆ, 2,000ದಷ್ಟು, ನಾವು ಮಾಡಿಕೊಡಬಲ್ಲೆವು. ಈ ಸಲ ಮಾತ್ರ ವ್ಯಾಪಾರದ ಮಾತನ್ನು ನೇರವಾಗಿ ಬರೆದೆ, ಯಾಕೆಂದರೆ ಈಗ ಅದು ಅವರ ಕಷ್ಟಕ್ಕೆ ಉತ್ತರವಾಗಿತ್ತು. ಸಣ್ಣ ಆರ್ಡರಿನಲ್ಲಿ ಬಾಕ್ಸೊಂದರ ದರ ಹೆಚ್ಚು ಬೀಳುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ನಾಲ್ಕು ಬಣ್ಣದ ಪ್ಲೇಟು, ಕತ್ತರಿಸುವ ಡೈ, ಬಣ್ಣ ಕೂಡುವವರೆಗೆ ಹಾಳಾಗುವ ಇನ್ನೂರು ಹಾಳೆ, ಇದೆಲ್ಲ 10,000ಕ್ಕೂ ಅಷ್ಟೇ, 2,000ಕ್ಕೂ ಅಷ್ಟೇ.

ಮೂರು ವಾರದ ಮೇಲೆ ಗುರೆಳ್ಳು ಪುಡಿಗೆ 2,000 ಬಾಕ್ಸಿನ ಆರ್ಡರ್ ಬಂತು. ಶೇಂಗಾ ಬಾಕ್ಸು ಈಗಿನ ಪ್ರೆಸ್ಸಿನಲ್ಲೇ ಇದೆ, ಇರಲಿ.

ಅಚ್ಚಿಗೆ ಮುಂಚೆ ಮೂರು ಪಟ್ಟಿ ಮಾಡಿ ಒಯ್ದೆ. ಇದನ್ನು ಶೇಡ್ ಕಾರ್ಡ್ ಎನ್ನುತ್ತೇವೆ. ಬಳಸಲಿರುವ ರಟ್ಟಿನ ಮೇಲೆಯೇ ಅದೇ ಕೆಂಪು ಮೂರು ಹದದಲ್ಲಿ: ನಡುವಿನದು ಬೇಕಾದ ಬಣ್ಣ, ಒಂದು ಕಡೆ ಇದಕ್ಕಿಂತ ತಿಳಿಯಾಗಬಾರದು ಎಂಬ ಮಿತಿ, ಇನ್ನೊಂದು ಕಡೆ ಇದಕ್ಕಿಂತ ಗಾಢವಾಗಬಾರದು ಎಂಬ ಮಿತಿ. ಗಿರಾಕಿ ಮೂರರ ಮೇಲೂ ಸಹಿ ಮಾಡಿ ತಾರೀಖು ಹಾಕುತ್ತಾರೆ. ಒಂದು ಪ್ರತಿ ಅವರಲ್ಲಿ, ಒಂದು ಯಂತ್ರದ ಪಕ್ಕದಲ್ಲಿ, ಬೆಳಕಿಗೆ ಮಾಸದಂತೆ ಕಪ್ಪು ಲಕೋಟೆಯೊಳಗೆ. ಮಧ್ಯದಲ್ಲಿ ರಟ್ಟು ಬದಲಾದರೆ ಹೊಸ ಕಾರ್ಡು, ಹೊಸ ಸಹಿ, ಅದಿಲ್ಲದೆ ಯಂತ್ರ ಓಡುವುದಿಲ್ಲ.

ಅಕ್ಕಾರು ಪಟ್ಟಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಲು ಹೋದರು. ಹಗಲು ಬೆಳಕಿನಲ್ಲಿ ನೋಡಿ ಎಂದೆ. ಎದ್ದು ಶೆಡ್ಡಿನ ಬಾಗಿಲ ಹತ್ತಿರ ಹೋಗಿ ಬಿಸಿಲಿಗೆ ಬೆನ್ನು ಮಾಡಿ ನಿಂತು, ಮೂರನ್ನೂ ಬಹಳ ಹೊತ್ತು ಹಿಡಿದು ನೋಡಿದರು. ತೂಕ ಮಾಡುತ್ತಿದ್ದ ಹುಡುಗಿಯೊಬ್ಬಳನ್ನು ಕರೆದು ಅವಳಿಗೂ ತೋರಿಸಿದರು. ನಡುವಿನದರ ಮೇಲೆ ಸಹಿ ಮಾಡಿದರು, ತಿಳಿಯಾದದ್ದರ ಮೇಲೂ ಮಾಡಿದರು. ಗಾಢವಾದದ್ದನ್ನು ಮಾತ್ರ ಸಹಿ ಮಾಡುವ ಮೊದಲು ಇನ್ನೊಮ್ಮೆ ಬಿಸಿಲಿಗೆ ಹಿಡಿದು, ಪೆನ್ನನ್ನು ಒತ್ತಿ ಬರೆದರು: "ಇದಕ್ಕಿಂತ ಒಂದ್ ಕೂದಲೆಳಿ ಕಪ್ಪಾಗಬಾರದು."